ಗೋಪುರವೂ ಬೇಕು, ಅಪ್ಪ ಅಮ್ಮನೂ ಬೇಕು: ಫೋನ್ ಹಿಡಿದು ಎಲ್ಲಿ ನಿಲ್ಲಬೇಕು?

ಪ್ರಶ್ನೆ: ಕಳೆದ ತಿಂಗಳು ಅಪ್ಪ ಅಮ್ಮನನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ವಿರೂಪಾಕ್ಷ ದೇವಸ್ಥಾನದ ದೊಡ್ಡ ಗೋಪುರದ ಮುಂದೆ ನಿಲ್ಲಿಸಿ ಇಪ್ಪತ್ತು ಫೋಟೊ ತೆಗೆದೆ. ಗೋಪುರ ಪೂರ್ತಿ ಬಂದ ಫೋಟೊದಲ್ಲಿ ಅವರು ಇರುವೆಯಷ್ಟು ಚಿಕ್ಕವರು. ಅವರು ಚೆನ್ನಾಗಿ ಕಾಣುವ ಫೋಟೊದಲ್ಲಿ ಗೋಪುರದ ಬುಡ ಮಾತ್ರ ಇದೆ. ಕೆಲವದರಲ್ಲಿ ಗೋಪುರ ಹಿಂದಕ್ಕೆ ಬಿದ್ದಂತಿದೆ, ಹಿಂದೆ ಓಡಾಡುವ ಜನರ ತಲೆಗಳು ಅಮ್ಮನ ಮುಖಕ್ಕೇ ಅಂಟಿಕೊಂಡಿವೆ. ಗ್ರಿಡ್ ಗೆರೆ ಹಾಕಿಕೊಂಡೇ ತೆಗೆದದ್ದು. ಫೋನ್ ಬದಲಿಸಬೇಕೇ, ಅಥವಾ ನಾನು ತೆಗೆಯುವ ರೀತಿಯೇ ತಪ್ಪೇ?

ಉತ್ತರ: ಫೋನ್ ಬದಲಿಸುವ ಅಗತ್ಯವಿಲ್ಲ. ಚೌಕಟ್ಟಿನೊಳಗೆ ಯಾವ ವಸ್ತು ಎಲ್ಲಿರಬೇಕು ಎಂಬುದನ್ನು ಗ್ರಿಡ್ ಗೆರೆ ತೋರಿಸಬಲ್ಲದು, ಆದರೆ ಆ ವಸ್ತುವನ್ನು ಅಲ್ಲಿಗೆ ತಂದು ಕೂರಿಸಬೇಕಾದದ್ದು ನಿಮ್ಮ ಕಾಲುಗಳು. ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಹತ್ತಿರ ನಿಂತವರು ಪರದೆಯ ಮೇಲೆ ಬಹಳ ದೂರ ಸರಿಯುತ್ತಾರೆ, ದೂರದ ಗೋಪುರ ಇದ್ದಲ್ಲೇ ಇರುತ್ತದೆ. ಫೋನನ್ನು ಒಂದಡಿ ಕೆಳಗಿಳಿಸಿದರೂ ಹೀಗೆಯೇ, ಹತ್ತಿರದವರ ತಲೆ ಮೇಲೇರುತ್ತದೆ, ದೂರದವರ ತಲೆ ಹೆಚ್ಚು ಕದಲುವುದಿಲ್ಲ. ಚೌಕಟ್ಟನ್ನು ಮೂರು ಪಾಲು ಮಾಡುವ ಗ್ರಿಡ್ ಗೆರೆಗಳ ಮೇಲೆ ಮುಖ್ಯ ವಸ್ತುವನ್ನು ಇಡುವ ಮೂರನೇ ಒಂದರ ನಿಯಮ, ಕಣ್ಣನ್ನು ಎಳೆದೊಯ್ಯುವ ಗೆರೆಗಳು, ಚೊಕ್ಕ ಹಿನ್ನೆಲೆ ಈ ಮೂರೂ ಅಭ್ಯಾಸಗಳ ಬೇರು ಇದೊಂದೇ ಸಂಗತಿಯಲ್ಲಿದೆ. ಆದ್ದರಿಂದ ನೀವು ನಿಂತಿದ್ದ ಆ ರಥಬೀದಿಯಲ್ಲೇ ಇನ್ನೊಮ್ಮೆ ನಿಂತು ಅದೇ ಫೋಟೊವನ್ನು ಮೊದಲಿನಿಂದ ಕಟ್ಟೋಣ.

ಮೊದಲು ಫೋನಿನ ಕಣ್ಣು ಎಷ್ಟು ಅಗಲ ನೋಡುತ್ತದೆ ಎಂಬುದನ್ನು ತಿಳಿಯಬೇಕು. ಪರದೆಯ ಮೇಲೆ 1x ಎಂದು ತೋರುವ ಮುಖ್ಯ ಕ್ಯಾಮೆರಾ ಬಹುತೇಕ ಫೋನುಗಳಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 26 ಮಿಲಿಮೀಟರಿನ ಲೆನ್ಸಿಗೆ ಸಮ, ಅಂದರೆ ಅಗಲ ನೋಟದ ಲೆನ್ಸು. ಇದರಿಂದ ನೆನಪಿಟ್ಟುಕೊಳ್ಳಲು ಸುಲಭವಾದ ಒಂದು ಲೆಕ್ಕ ಸಿಗುತ್ತದೆ. ಫೋನನ್ನು ನಿಲುವಾಗಿ ಹಿಡಿದು, 4:3 ಅಳತೆಯ ಫೋಟೊ ತೆಗೆಯುವಾಗ, ವಸ್ತು ಎಷ್ಟು ದೂರದಲ್ಲಿದೆಯೋ ಸುಮಾರು ಅಷ್ಟೇ ಅಗಲದ ಜಾಗ ಚೌಕಟ್ಟಿನೊಳಗೆ ಬರುತ್ತದೆ, ಎತ್ತರ ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು. ನಾಲ್ಕು ಮೀಟರ್ ದೂರದಲ್ಲಿ ಒಬ್ಬರು ನಿಂತಿದ್ದರೆ, ಅವರಿದ್ದಲ್ಲಿ ಚೌಕಟ್ಟಿನ ಅಗಲ ಸುಮಾರು 4 ಮೀಟರ್, ಎತ್ತರ 5.3 ಮೀಟರ್. ನಮ್ಮ ಕಣ್ಣು ಕೂಡ ಅಗಲವಾಗಿಯೇ ನೋಡುತ್ತದೆ, ಆದರೆ ಅಮ್ಮನ ಮುಖ ನೋಡುವಾಗ ಮನಸ್ಸು ಉಳಿದುದನ್ನೆಲ್ಲ ಬಿಟ್ಟುಬಿಡುತ್ತದೆ. ಫೋನು ಯಾವುದನ್ನೂ ಬಿಡುವುದಿಲ್ಲ. ಎದುರಿಗೆ ಭವ್ಯವಾಗಿ ಕಂಡದ್ದು ಪರದೆಯಲ್ಲಿ ಚಿಕ್ಕದಾಗಿ, ಗಜಿಬಿಜಿಯಾಗಿ ಕಾಣುವುದಕ್ಕೆ ಕಾರಣ ಇದು.

ಈಗ ಗೋಪುರದ ಲೆಕ್ಕ. ವಿರೂಪಾಕ್ಷ ದೇವಸ್ಥಾನದ ಪೂರ್ವ ದಿಕ್ಕಿನ ಒಂಬತ್ತು ಅಂತಸ್ತಿನ ಗೋಪುರದ ಎತ್ತರ ಸುಮಾರು 50 ಮೀಟರ್. ಅದರ ತುದಿ ಚೌಕಟ್ಟಿನೊಳಗೆ ಬರಬೇಕೆಂದು ನಾವು ಮಾಡುವುದೇನು? ಬುಡದ ಹತ್ತಿರವೇ ನಿಂತು ಫೋನನ್ನು ಮೇಲಕ್ಕೆ ವಾಲಿಸುತ್ತೇವೆ. ಫೋನು ವಾಲಿದೊಡನೆ, ನೇರವಾಗಿ ನಿಂತಿರುವ ಗೆರೆಗಳೆಲ್ಲ ಮೇಲೆ ಹೋಗುತ್ತಾ ಒಂದರ ಕಡೆಗೊಂದು ಬಾಗುತ್ತವೆ. ನಿಮ್ಮ ಫೋಟೊದಲ್ಲಿ ಗೋಪುರ ಹಿಂದಕ್ಕೆ ಬಿದ್ದಂತೆ ಕಂಡದ್ದು ಇದರಿಂದ. ಗೋಪುರ ಮೊದಲೇ ಮೇಲಕ್ಕೆ ಕಿರಿದಾಗುತ್ತಾ ಹೋಗುವ ರಚನೆಯಾದ್ದರಿಂದ ಈ ದೋಷ ಇನ್ನೂ ಹೆಚ್ಚಾಗಿ ತೋರುತ್ತದೆ. ಫೋನು ಸ್ವಲ್ಪವೂ ವಾಲದೆ ನೆಟ್ಟಗೆ ಇದ್ದಾಗ ದಿಗಂತ ಚೌಕಟ್ಟಿನ ಸರಿಯಾಗಿ ನಡುವೆ ಬೀಳುತ್ತದೆ, ಮೇಲಿನ ಅರ್ಧದಲ್ಲಿ ಗೋಪುರ ಪೂರ್ತಿ ಹಿಡಿಯಬೇಕಾದರೆ ನೀವು ಕನಿಷ್ಠ 75 ಮೀಟರ್, ಅಂದರೆ ಹತ್ತಿರ ಹತ್ತಿರ 110 ಹೆಜ್ಜೆ ಹಿಂದೆ ಬರಬೇಕು. ಅದೃಷ್ಟಕ್ಕೆ ಅಲ್ಲಿ ಜಾಗಕ್ಕೆ ಕೊರತೆಯಿಲ್ಲ. ಗೋಪುರದ ಮುಂದಿನ ಬೀದಿ ಪೂರ್ವಕ್ಕೆ, ಮಾತಂಗ ಬೆಟ್ಟದ ಬುಡದ ದೊಡ್ಡ ಬಸವಣ್ಣನವರೆಗೆ, ಮುಕ್ಕಾಲು ಕಿಲೋಮೀಟರಿನಷ್ಟು ಉದ್ದಕ್ಕೆ ಹೋಗುತ್ತದೆ.

ನೀವು ಹಿಂದೆ ಸರಿದಿರಿ, ಆದರೆ ಅಪ್ಪ ಅಮ್ಮನನ್ನು ಗೋಪುರದ ಬುಡದಲ್ಲೇ ಬಿಟ್ಟು ಬಂದಿರಿ. ಎಲ್ಲರೂ ಮಾಡುವ ತಪ್ಪು ಇದೇ, ಬೇಲೂರಿನಲ್ಲೂ ಇದೇ, ಜೋಗದಲ್ಲೂ ಇದೇ. ಎಪ್ಪತ್ತೈದು ಮೀಟರ್ ದೂರದಲ್ಲಿ ನಿಂತ ವ್ಯಕ್ತಿ ಚೌಕಟ್ಟಿನ ಎತ್ತರದಲ್ಲಿ ನೂರರಲ್ಲಿ ಎರಡು ಪಾಲನ್ನೂ ತುಂಬುವುದಿಲ್ಲ. ಗೋಪುರದ ಮುಂದೆ ನಿಲ್ಲುವುದೆಂದರೆ ಗೋಪುರದ ಹತ್ತಿರ ನಿಲ್ಲುವುದು ಎಂದು ನಾವು ತಿಳಿದುಕೊಂಡಿದ್ದೇವೆ. ಫೋಟೊದ ಮಟ್ಟಿಗೆ ಹಾಗಲ್ಲ. ಜನ ಕ್ಯಾಮೆರಾದ ಹತ್ತಿರ ಇರಬೇಕು, ಕಟ್ಟಡ ಕ್ಯಾಮೆರಾದಿಂದ ದೂರ ಇರಬೇಕು. ಹಾಗಾಗಿ ಅಪ್ಪ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಬೀದಿಯಲ್ಲಿ ಇನ್ನೂರು ಹೆಜ್ಜೆ ಹಿಂದೆ ಬನ್ನಿ, ಅದು ಸುಮಾರು 140 ಮೀಟರ್ ಆಗುತ್ತದೆ. ಅಲ್ಲಿ ಅವರನ್ನು ನಿಲ್ಲಿಸಿ, ನೀವು ಅವರಿಂದ ಆರು ಹೆಜ್ಜೆ, ಅಂದರೆ 4 ಮೀಟರ್ ಇನ್ನೂ ಹಿಂದಕ್ಕೆ ಹೋಗಿ. ಈಗ ಪರದೆ ನೋಡಿದರೆ ಗೋಪುರ ಚೌಕಟ್ಟಿನ ಕಾಲು ಭಾಗಕ್ಕಿಂತ ತುಸು ಹೆಚ್ಚು ಎತ್ತರಕ್ಕೆ ಕಾಣುತ್ತದೆ, ಅಪ್ಪ ಅಮ್ಮ ನೂರರಲ್ಲಿ ಸುಮಾರು ಮೂವತ್ತು ಪಾಲು ಎತ್ತರಕ್ಕೆ ಕಾಣುತ್ತಾರೆ. ಒಂದು ಇನ್ನೊಂದನ್ನು ನುಂಗದೆ ಎರಡೂ ಒಂದೇ ತೂಕಕ್ಕೆ ಬಂದವು. ಮೊದಲು ಸಿಗಬೇಕಾದ ಸಮತೋಲ ಇದು, ಗ್ರಿಡ್ಡಿನ ಮಾತು ಇದಾದ ಮೇಲೆ.

ಎರಡನೆಯ ಕೆಲಸ ಹಿಂದಿನ ತಲೆಗಳದ್ದು. ಫೋನನ್ನು ಕಣ್ಣಿನ ಮಟ್ಟದಲ್ಲಿ ಹಿಡಿದಾಗ ಒಂದು ವಿಚಿತ್ರ ನಡೆಯುತ್ತದೆ. ಸಮತಟ್ಟಾದ ನೆಲದಲ್ಲಿ ನಿಮ್ಮಷ್ಟೇ ಎತ್ತರದವರು ಹತ್ತಿರ ನಿಂತಿರಲಿ, ದೂರ ನಿಂತಿರಲಿ, ಅವರೆಲ್ಲರ ತಲೆಯೂ ಪರದೆಯ ಮೇಲೆ ಒಂದೇ ಅಡ್ಡಗೆರೆಯಲ್ಲಿ ಸಾಲಾಗಿ ಬರುತ್ತದೆ, ಆ ಗೆರೆ ದಿಗಂತದ್ದೇ. ಜಾತ್ರೆಯ ಫೋಟೊಗಳಲ್ಲಿ ನೂರಾರು ತಲೆಗಳು ಒಂದೇ ದಾರಕ್ಕೆ ಪೋಣಿಸಿದಂತೆ ಕಾಣುವುದನ್ನು ನೀವು ನೋಡಿರಬಹುದು. ನಿಮ್ಮ ಅಮ್ಮನ ಮುಖವೂ ಅದೇ ದಾರದಲ್ಲಿ ಒಂದು ಮಣಿಯಾಯಿತು, ಅದರಿಂದಲೇ ಬೇರೆಯವರ ತಲೆಗಳು ಅವರ ಕಿವಿಯ ಪಕ್ಕದಿಂದ ಹೊರಟಂತೆ ಕಂಡವು. ಇದಕ್ಕೆ ಪರಿಹಾರ ಜನ ಖಾಲಿಯಾಗುವವರೆಗೆ ಕಾಯುವುದಲ್ಲ, ಹಂಪಿಯಲ್ಲಿ ಅದು ಆಗುವ ಮಾತೂ ಅಲ್ಲ. ಫೋನನ್ನು ನಿಮ್ಮ ಸೊಂಟದ ಮಟ್ಟಕ್ಕೆ, ನೆಲದಿಂದ ಮೂರಡಿ ಎತ್ತರಕ್ಕೆ ಇಳಿಸಿ, ಮತ್ತು ಮುಖ್ಯವಾಗಿ, ಇಳಿಸಿದ ಮೇಲೆ ಫೋನನ್ನು ಮೇಲಕ್ಕೆ ವಾಲಿಸಬೇಡಿ, ಗೋಡೆಗೆ ಒರಗಿಸಿದ ಕನ್ನಡಿಯಂತಲ್ಲದೆ ಮೊಳೆಗೆ ನೇತುಹಾಕಿದ ಹಲಗೆಯಂತೆ ನೆಟ್ಟಗೆ ಇರಲಿ. ಈಗ ನಾಲ್ಕು ಮೀಟರ್ ದೂರದ ಅಮ್ಮನ ತಲೆ ದಿಗಂತದ ಗೆರೆಗಿಂತ ಚೌಕಟ್ಟಿನ ನೂರರಲ್ಲಿ ಹದಿಮೂರು ಪಾಲು ಮೇಲೇರಿರುತ್ತದೆ, ನಲವತ್ತು ಮೀಟರ್ ದೂರದ ಯಾತ್ರಿಕನ ತಲೆ ಒಂದೂವರೆ ಪಾಲಿನಷ್ಟೂ ಏರಿರುವುದಿಲ್ಲ. ಗುಂಪೆಲ್ಲ ಅಪ್ಪ ಅಮ್ಮನ ಸೊಂಟದ ಹಿಂದೆ ಇಳಿಯಿತು, ಮುಖದ ಹಿಂದೆ ಆಕಾಶ ಬಂತು. ಫೋನಿನಲ್ಲಿ ನಾನು ಕಲಿತ ಅಭ್ಯಾಸಗಳಲ್ಲಿ ಇದರಷ್ಟು ಉಪಕಾರಿಯಾದದ್ದು ಇನ್ನೊಂದಿಲ್ಲ, ಸೊಂಟದ ಮಟ್ಟದಲ್ಲಿ ಪರದೆ ಕಾಣುವುದಿಲ್ಲವೆನಿಸಿದರೆ ಒಂದು ಮೊಣಕಾಲೂರಿ ಕುಳಿತುಬಿಡಿ.

ಫೋನು ನೆಟ್ಟಗಿದೆಯೆಂದು ಹೇಗೆ ತಿಳಿಯಬೇಕು? ಇಲ್ಲಿ ಗ್ರಿಡ್ ಉಪಯೋಗಕ್ಕೆ ಬರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿಯೂ, ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದಲ್ಲಿಯೂ Grid ಎಂಬ ಆಯ್ಕೆ ಇರುತ್ತದೆ, ಕೆಲವು ಫೋನುಗಳಲ್ಲಿ ಅದರ ಜೊತೆಗೇ ವಾಲಿಕೆ ತೋರಿಸುವ Level ಕೂಡ ಇರುತ್ತದೆ. ಅದಿಲ್ಲದಿದ್ದರೂ ಚಿಂತೆಯಿಲ್ಲ. ಬೀದಿಯ ಎರಡೂ ಬದಿಯ ಮಂಟಪಗಳ ಕಲ್ಲುಗಂಬಗಳನ್ನು ಗ್ರಿಡ್ಡಿನ ನಿಲುವು ಗೆರೆಗೆ ಹೋಲಿಸಿ. ಕಂಬ ಗೆರೆಗೆ ಸಮಾನಾಂತರವಾಗಿದ್ದರೆ ಫೋನು ಮೇಲಕ್ಕೂ ಕೆಳಕ್ಕೂ ವಾಲಿಲ್ಲ. ಎಡಗಡೆಯ ಕಂಬಗಳು ಬಲಕ್ಕೂ, ಬಲಗಡೆಯವು ಎಡಕ್ಕೂ ಬಾಗಿದ್ದರೆ ಫೋನು ಆಕಾಶ ನೋಡುತ್ತಿದೆ. ಎಲ್ಲವೂ ಒಂದೇ ಕಡೆಗೆ ಬಾಗಿದ್ದರೆ ಫೋನನ್ನು ನೀವು ಓರೆಯಾಗಿ ಹಿಡಿದಿದ್ದೀರಿ.

ಈಗ ಮೂರನೇ ಒಂದರ ನಿಯಮಕ್ಕೆ ಬರೋಣ. ಅಪ್ಪ ಅಮ್ಮ ಗೋಪುರದ ನೇರ ಮುಂದೆ ನಿಂತಿದ್ದರೆ ಗೋಪುರ ಅವರ ತಲೆಯ ಮೇಲಿಟ್ಟ ಕಿರೀಟದಂತೆ ಕಾಣುತ್ತದೆ. ಅವರನ್ನು ಸರಿಯುವಂತೆ ಹೇಳಬೇಡಿ, ವಯಸ್ಸಾದವರನ್ನು ಬಿಸಿಲಿನಲ್ಲಿ ಅತ್ತಿತ್ತ ಓಡಾಡಿಸುವುದು ಬೇಡ. ನೀವೇ ಎರಡು ಹೆಜ್ಜೆ ಎಡಕ್ಕೆ ಸರಿಯಿರಿ. ಎರಡು ಹೆಜ್ಜೆಯೆಂದರೆ ಸುಮಾರು 1.4 ಮೀಟರ್, ಅವರಿರುವ ದೂರದಲ್ಲಿ ಚೌಕಟ್ಟಿನ ಅಗಲ 4 ಮೀಟರ್. ಆದ್ದರಿಂದ ಅವರು ಪರದೆಯಲ್ಲಿ ಬಲಕ್ಕೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಸರಿಯುತ್ತಾರೆ. ಗೋಪುರ ಇರುವ ದೂರದಲ್ಲಿ ಚೌಕಟ್ಟಿನ ಅಗಲ 140 ಮೀಟರಿಗಿಂತ ಹೆಚ್ಚು, ಅಲ್ಲಿ 1.4 ಮೀಟರಿನ ಸರಿತ ನೂರರಲ್ಲಿ ಒಂದು ಪಾಲು ಮಾತ್ರ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಇನ್ನು ಫೋನನ್ನು ಸ್ವಲ್ಪವೇ ಬಲಕ್ಕೆ ತಿರುಗಿಸಿದರೆ ಗೋಪುರ ಎಡಗಡೆಯ ನಿಲುವು ಗೆರೆಯ ಮೇಲೆ, ಅಪ್ಪ ಅಮ್ಮ ಬಲಗಡೆಯ ನಿಲುವು ಗೆರೆಯ ಮೇಲೆ ಬಂದು ನಿಲ್ಲುತ್ತಾರೆ, ನಡುವೆ ಆಕಾಶ ಉಳಿಯುತ್ತದೆ. ಆ ನಡುವಿನ ಖಾಲಿ ಜಾಗವನ್ನು ವ್ಯರ್ಥವೆಂದು ತಿಳಿಯಬೇಡಿ, ಅದಿಲ್ಲದಿದ್ದರೆ ಗೋಪುರದ ಅಂಚು ಅಪ್ಪನ ಭುಜಕ್ಕೆ ತಾಗಿ ಎರಡೂ ಒಂದೇ ಮುದ್ದೆಯಾಗುತ್ತವೆ. ಅವರಿಬ್ಬರೂ ಮೈಯನ್ನು ಸ್ವಲ್ಪ ಗೋಪುರದ ಕಡೆಗೆ, ಅಂದರೆ ಚೌಕಟ್ಟಿನ ಒಳಗಡೆಗೆ ತಿರುಗಿಸಿಕೊಂಡು ನಿಂತು ಮುಖವನ್ನು ಮಾತ್ರ ನಿಮ್ಮ ಕಡೆಗೆ ಮಾಡಿದರೆ ಇನ್ನೂ ಒಳ್ಳೆಯದು, ಹೊರಗಡೆಗೆ ತಿರುಗಿ ನಿಂತರೆ ನೋಡುವವರ ಕಣ್ಣೂ ಅವರೊಂದಿಗೆ ಹೊರಗೆ ಹೋಗಿಬಿಡುತ್ತದೆ.

ಈ ನಿಯಮವನ್ನು ಕಟ್ಟಳೆಯೆಂದು ತಿಳಿಯುವ ಕಾರಣವಿಲ್ಲ. ಅದಕ್ಕೆ ಆ ಹೆಸರು ಕೊಟ್ಟವರು ಕ್ಯಾಮೆರಾ ಹುಟ್ಟುವ ಮೊದಲೇ ಇದ್ದ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರರು. ಹಳ್ಳಿಯ ದೃಶ್ಯಗಳನ್ನು ಬರೆಯುವ ಬಗೆಯನ್ನು ಕುರಿತು 1797ರಲ್ಲಿ ಬರೆಯುತ್ತಾ, ನೆಲ ಮತ್ತು ಆಕಾಶ ಸರಿಪಾಲಾಗುವುದಕ್ಕಿಂತ ಒಂದು ಪಾಲು, ಎರಡು ಪಾಲು ಎಂಬಂತೆ ಹಂಚಿಕೆಯಾದರೆ ಚೆನ್ನ ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಕೈಯಳತೆಯ ಸಲಹೆಯಾಗಿಯೇ ಅದನ್ನು ಉಳಿಸಿಕೊಳ್ಳೋಣ. ವಸ್ತು ಗೆರೆಯಿಂದ ಬೆರಳಗಲ ಆಚೆ ಈಚೆ ಇದ್ದರೆ ಏನೂ ಕೆಡುವುದಿಲ್ಲ. ಜನರಿಲ್ಲದೆ ಗೋಪುರವೊಂದನ್ನೇ ಎದುರಿನಿಂದ ತೆಗೆಯುವಾಗಲಂತೂ ನಡುವೆ ಇಡುವುದೇ ಸರಿ, ಏಕೆಂದರೆ ಅದರ ಎಡಬಲ ಒಂದರ ಪ್ರತಿಬಿಂಬದಂತೆ ಇನ್ನೊಂದನ್ನು ಕಟ್ಟಿದ್ದಾರೆ. ಆಗ ಪೂರ್ತಿ ನಡುವೆಯೇ ಇಡಬೇಕು. ದ್ವಾರದ ನಡುಗೆರೆ ಮತ್ತು ಗೋಪುರದ ಶಿಖರ ಒಂದೇ ನಿಲುವು ಗೆರೆಗೆ ಬರುವವರೆಗೆ ಅರ್ಧರ್ಧ ಹೆಜ್ಜೆ ಸರಿದು ನೋಡಿ. ನಡುವೆಯೂ ಅಲ್ಲ, ಗೆರೆಯ ಮೇಲೂ ಅಲ್ಲ ಎಂಬಂತೆ ಒಂದಿಷ್ಟೇ ಪಕ್ಕಕ್ಕೆ ಬಿದ್ದ ಗೋಪುರ ನೋಡುವವರಿಗೆ ತಪ್ಪಾಗಿಯೇ ಕಾಣುತ್ತದೆ.

ಗೆರೆಗಳ ವಿಷಯದಲ್ಲಿ ಆ ಬೀದಿಯಷ್ಟು ಉದಾರವಾದ ಜಾಗ ಕಡಿಮೆ. ಎರಡೂ ಕಡೆ ಉದ್ದಕ್ಕೆ ಕಲ್ಲುಮಂಟಪಗಳ ಸಾಲು, ಚಾವಣಿಯ ಅಂಚು, ಕಂಬಗಳ ಬುಡ, ಬೀದಿಯ ಮಗ್ಗುಲು, ಎಲ್ಲವೂ ದೂರ ಹೋದಂತೆ ಕೂಡುತ್ತಾ ಗೋಪುರದ ದ್ವಾರದ ಕಡೆಗೇ ಹೋಗುತ್ತವೆ. ಬೀದಿಯ ನಟ್ಟನಡುವೆ ನಿಂತರೆ ಎರಡೂ ಸಾಲು ಸಮವಾಗಿ ಬಂದು ಗೋಪುರವೊಂದೇ ಇರುವ ಫೋಟೊಗೆ ಚೆನ್ನಾಗಿ ಒದಗುತ್ತದೆ. ಅಪ್ಪ ಅಮ್ಮ ಇರುವ ಫೋಟೊಗೆ ನಾನು ಬೀದಿಯ ಎಡ ಸಾಲಿನ ಹತ್ತಿರಕ್ಕೆ ಎಲ್ಲರನ್ನೂ ಕರೆದುಕೊಂಡು ಹೋಗುತ್ತೇನೆ. ಹಾಗೆ ಮಾಡಿದಾಗ ಎಡ ಸಾಲು ದೊಡ್ಡದಾಗಿ ಚೌಕಟ್ಟಿನ ಎಡ ಅಂಚಿನಿಂದ ಹೊರಟು, ಒಂದೊಂದೇ ಕಂಬ ಚಿಕ್ಕದಾಗುತ್ತಾ ಗೋಪುರಕ್ಕೆ ಮುಟ್ಟುತ್ತದೆ, ಕಣ್ಣು ಅದರ ಜೊತೆಗೇ ಒಳಗೆ ನಡೆಯುತ್ತದೆ. ಬಲ ಸಾಲು ದೂರವಾಗಿ, ತೆಳುವಾಗಿ ಕೆಳಗೆ ಉಳಿಯುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಬಲಗಡೆಯ ಮಂಟಪಗಳ ಚಾವಣಿಯ ಅಂಚು ಅಪ್ಪ ಅಮ್ಮನ ಹಿಂದೆಯೇ ಹಾದುಹೋಗುತ್ತದೆ, ಅದು ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ತಪ್ಪದೆ ನೋಡಬೇಕು. ಕತ್ತಿನ ಮಟ್ಟದಲ್ಲಿ ಹಾದರೆ ಕತ್ತನ್ನು ಕತ್ತರಿಸಿದಂತೆ ಕಾಣುತ್ತದೆ, ಕಣ್ಣಿನ ಮಟ್ಟದಲ್ಲಿ ಹಾದರೆ ಮುಖಕ್ಕೆ ಪಟ್ಟಿ ಕಟ್ಟಿದಂತಾಗುತ್ತದೆ. ಆ ಸಾಲಿನಿಂದ ನೀವು ದೂರವಾದಷ್ಟೂ ಆ ಗೆರೆ ಕೆಳಗಿಳಿದು ಎದೆಯ ಮಟ್ಟಕ್ಕೆ ಬರುತ್ತದೆ, ಅಲ್ಲಿ ಅದರಿಂದ ತೊಂದರೆಯಿಲ್ಲ. ಇನ್ನೂ ಕತ್ತಿನಲ್ಲೇ ಇದ್ದರೆ ಫೋನನ್ನು ಒಂದು ಗೇಣು ಇಳಿಸಿ, ಮುಖಗಳು ಮೇಲೇರುತ್ತವೆ, ಚಾವಣಿ ಅಲ್ಲೇ ಉಳಿಯುತ್ತದೆ.

ಗೆರೆ ಎಲ್ಲಿಂದ ಹೊರಡುತ್ತದೆ ಎನ್ನುವುದಕ್ಕಿಂತ ಎಲ್ಲಿ ಮುಗಿಯುತ್ತದೆ ಎನ್ನುವುದು ಮುಖ್ಯ. ಊರಿನ ರಸ್ತೆ, ಗದ್ದೆಯ ಬದು, ರೈಲು ಹಳಿ, ಮಹಡಿಯ ಮೆಟ್ಟಿಲಿನ ಕೈಪಿಡಿ ಏನೇ ಆಗಲಿ, ಅದರ ತುದಿಯಲ್ಲಿ ನೋಡಬೇಕಾದ್ದೊಂದು ಇದ್ದರೆ ಆ ಗೆರೆ ಕೆಲಸ ಮಾಡಿತು. ತುದಿಯಲ್ಲಿ ಏನೂ ಇಲ್ಲದೆ ಚೌಕಟ್ಟಿನ ಹೊರಗೆ ಹೋದರೆ, ನೋಡುವವರ ಕಣ್ಣನ್ನು ಮುಖದಿಂದ ಬಿಡಿಸಿ ಹೊರಗೆ ಕರೆದೊಯ್ಯುವ ಕೆಲಸವನ್ನು ಅದೇ ಗೆರೆ ಮಾಡುತ್ತದೆ.

ಹಿನ್ನೆಲೆಯ ಬಗ್ಗೆ ನನ್ನದೇ ಒಂದು ಅನುಭವ ಹೇಳಬೇಕು. ಅಕ್ಕನ ಮಗುವಿನ ನಾಮಕರಣದ ದಿನ, ತೊಟ್ಟಿಲಿನ ಪಕ್ಕದಲ್ಲಿ ಮಗುವನ್ನೆತ್ತಿಕೊಂಡು ನಿಂತ ಅಜ್ಜಿಯ ಫೋಟೊ ತೆಗೆದೆ. ಮುಖದಲ್ಲಿನ ಬೆಳಕು, ನಗು ಎಲ್ಲ ಸರಿಯಾಗಿತ್ತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ಅಜ್ಜಿಯ ಮುಡಿಯ ಮಲ್ಲಿಗೆಯ ನೆತ್ತಿಯಿಂದಲೇ ಹೊರಟಂತೆ ಟೇಬಲ್ ಫ್ಯಾನಿನ ರೆಕ್ಕೆಗಳು ಕಂಡವು. ಗೋಡೆಯ ಬದಿಯ ಸ್ಟ್ಯಾಂಡಿನ ಮೇಲೆ ಆ ಫ್ಯಾನು ಬೆಳಗಿನಿಂದ ಇತ್ತು, ನಾನು ಅಜ್ಜಿಯನ್ನು ಮಾತ್ರ ನೋಡುತ್ತಿದ್ದೆ. ಒಂದೇ ಹೆಜ್ಜೆ ಬಲಕ್ಕೆ ಸರಿದಿದ್ದರೆ ಫ್ಯಾನು ಅವರ ಭುಜದಾಚೆಗೆ ಹೋಗುತ್ತಿತ್ತು. ಅಜ್ಜಿ ಈಗಿಲ್ಲ, ಮಗುವಿನೊಂದಿಗೆ ಅವರದು ಅದೊಂದೇ ಫೋಟೊ. ಅಂದಿನಿಂದ ನಾನು ಬಿಡದೆ ಪಾಲಿಸುವ ಕ್ರಮ ಇದು: ಮುಖ ಸರಿಯಿದೆಯೆಂದು ಕಂಡಮೇಲೆ ಬಟನ್ ಒತ್ತುವ ಮೊದಲು ಮುಖವನ್ನು ಬಿಟ್ಟು ಚೌಕಟ್ಟಿನ ನಾಲ್ಕು ಅಂಚುಗಳ ಸುತ್ತ ಒಮ್ಮೆ ಕಣ್ಣಾಡಿಸುತ್ತೇನೆ, ಆಮೇಲೆ ತಲೆಯ ಸುತ್ತ ಒಮ್ಮೆ. ಎರಡಕ್ಕೂ ಸೇರಿ ಎರಡು ಸೆಕೆಂಡು ಸಾಕು.

ಆ ಸುತ್ತಿನಲ್ಲಿ ಹುಡುಕಬೇಕಾದದ್ದು ಮೂರೇ ಬಗೆಯ ವಸ್ತುಗಳನ್ನು. ತಲೆಯಿಂದ ಮೊಳೆತಂತೆ ಕಾಣುವ ಕಂಬ, ಟ್ಯೂಬ್‌ಲೈಟು, ಕ್ಯಾಲೆಂಡರು ಮೊದಲನೆಯದು. ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಕೈ, ಚಪ್ಪಲಿ, ನೀರಿನ ಬಾಟಲಿ ಎರಡನೆಯದು. ಮುಖಕ್ಕಿಂತ ಹೆಚ್ಚು ಬೆಳಗುವ ವಸ್ತು ಮೂರನೆಯದು, ಕಣ್ಣು ತಾನಾಗಿ ಹೊಳಪಿಗೂ ಗಾಢ ಬಣ್ಣಕ್ಕೂ ಓಡುವುದರಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ, ನೀಲಿ ಟಾರ್ಪಾಲು, ಬಿಸಿಲು ಬಿದ್ದ ಬಿಳಿ ಕಾರು ಇವು ಎಷ್ಟೇ ಚಿಕ್ಕದಾಗಿದ್ದರೂ ಫೋಟೊವನ್ನು ತಮ್ಮ ಕಡೆಗೆ ವಾಲಿಸಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವು ನೀವು ಒಂದು ಹೆಜ್ಜೆ ಸರಿದರೆ ಯಾರದಾದರೂ ಬೆನ್ನ ಹಿಂದೆ ಅಡಗುತ್ತವೆ.

ಪೋರ್ಟ್ರೇಟ್ ಮೋಡ್ ಇದೆಯಲ್ಲ ಎಂದು ನೀವು ಕೇಳಬಹುದು. ಅದು ಹಿನ್ನೆಲೆಯನ್ನು ಮಸುಕು ಮಾಡುತ್ತದೆ, ಅಳಿಸುವುದಿಲ್ಲ. ಮಸುಕಾದ ಕಂಬವೂ ತಲೆಯ ಮೇಲೆ ಕಂಬವಾಗಿಯೇ ನಿಂತಿರುತ್ತದೆ. ಅಲ್ಲದೆ ಯಾವುದು ವ್ಯಕ್ತಿ, ಯಾವುದು ಹಿನ್ನೆಲೆ ಎಂಬುದನ್ನು ಫೋನು ಅಂದಾಜು ಮಾಡಿ ಕತ್ತರಿಸುವುದರಿಂದ ಹಾರಾಡುವ ಕೂದಲು, ಜುಮುಕಿ, ಕನ್ನಡಕದ ಕಡ್ಡಿ, ಮುಡಿದ ಹೂವಿನ ಅಂಚು ಇವೆಲ್ಲ ಆಗಾಗ ಅರ್ಧ ಕರಗಿಹೋಗುತ್ತವೆ. ಗೋಪುರವನ್ನೇ ತೋರಿಸಬೇಕೆಂದು ಇನ್ನೂರು ಹೆಜ್ಜೆ ನಡೆದು ಬಂದ ಫೋಟೊದಲ್ಲಿ ಆ ಗೋಪುರವನ್ನು ಮಸುಕು ಮಾಡುವುದಕ್ಕೆ ಅರ್ಥವೂ ಇಲ್ಲ.

ಇನ್ನು ನಾವು ಕಟ್ಟಿದ ಫೋಟೊವನ್ನು ಮುಗಿಸೋಣ. ಫೋನು ನೆಟ್ಟಗಿದ್ದುದರಿಂದ ದಿಗಂತ ನಡುವೆ ಇದೆ, ಕೆಳಗಿನ ಭಾಗದಲ್ಲಿ ಬರಿಯ ನೆಲ ಬಹಳ ಉಳಿದಿದೆ. ಗ್ಯಾಲರಿಯಲ್ಲಿ ತೆರೆದು ಕೆಳಗಿನಿಂದ ಸರಿಯಾಗಿ ಕಾಲು ಭಾಗವನ್ನು ಕ್ರಾಪ್ ಮಾಡಿ ತೆಗೆದುಹಾಕಿ. ದಿಗಂತ ತಾನಾಗಿ ಕೆಳಗಿನ ಮೂರನೇ ಒಂದರ ಗೆರೆಗೆ ಬರುತ್ತದೆ, ಗೋಪುರದ ತುದಿ ಮೇಲಿನ ಗೆರೆಯ ಆಸುಪಾಸಿಗೆ ಬರುತ್ತದೆ, ಅಪ್ಪ ಅಮ್ಮ ಚೌಕಟ್ಟಿನ ಎತ್ತರದಲ್ಲಿ ನೂರರಲ್ಲಿ ನಲವತ್ತು ಪಾಲು ತುಂಬುತ್ತಾರೆ, ಅವರ ಪಾದದ ಕೆಳಗೆ ಇನ್ನೂ ಸ್ವಲ್ಪ ನೆಲ ಉಳಿಯುತ್ತದೆ. ಹನ್ನೆರಡು ಮೆಗಾಪಿಕ್ಸೆಲ್ಲಿನ ಫೋಟೊ ಒಂಬತ್ತಾಗುತ್ತದೆ, ಅಷ್ಟರಿಂದ ಗೋಡೆಗೆ ಹಾಕುವ ಪ್ರಿಂಟನ್ನೂ ಮಾಡಿಸಬಹುದು. ನೀವು ಅವರಿಗೆ ಇನ್ನೂ ಹತ್ತಿರ, ಎರಡೂವರೆ ಮೀಟರಿನಲ್ಲಿ ನಿಂತಿದ್ದರೆ ಇದೇ ಕಾಲು ಭಾಗದ ಕ್ರಾಪು ಅವರ ಪಾದದ ಗಂಟಿನ ಹತ್ತಿರಕ್ಕೆ ಬಂದುಬಿಡುತ್ತದೆ. ಕೀಲುಗಳಿರುವಲ್ಲಿ, ಅಂದರೆ ಪಾದದ ಗಂಟು, ಮೊಣಕಾಲು, ಮಣಿಕಟ್ಟಿನಲ್ಲಿ ಚೌಕಟ್ಟಿನ ಅಂಚು ಬಿದ್ದರೆ ದೇಹ ಮೊಟಕಾದಂತೆ ಕಾಣುತ್ತದೆ, ಆದ್ದರಿಂದ ಪೂರ್ತಿ ನಿಲುವು ಬೇಕಾದರೆ ಪಾದದ ಕೆಳಗೆ ಜಾಗ ಬಿಡಿ, ಬೇಡವಾದರೆ ಧೈರ್ಯವಾಗಿ ತೊಡೆಯ ನಡುವಿಗೋ ಸೊಂಟಕ್ಕೋ ಕತ್ತರಿಸಿ.

ಗೋಪುರ ಇನ್ನೂ ದೊಡ್ಡದಾಗಿ ಬೇಕೆನಿಸಿದರೆ ಅದಕ್ಕೂ ದಾರಿಯಿದೆ. ಅಪ್ಪ ಅಮ್ಮನಿಂದ ಆರು ಹೆಜ್ಜೆಯ ಬದಲು ಹನ್ನೆರಡು ಹೆಜ್ಜೆ ಹಿಂದೆ ಹೋಗಿ 2x ಒತ್ತಿ. ಅವರು ಮೊದಲಿನಷ್ಟೇ ದೊಡ್ಡದಾಗಿ ಇರುತ್ತಾರೆ, ಗೋಪುರ ಮಾತ್ರ ಸುಮಾರು ಎರಡರಷ್ಟಾಗುತ್ತದೆ, ಏಕೆಂದರೆ ಅವರ ದೂರ ದುಪ್ಪಟ್ಟಾಯಿತು, ಗೋಪುರದ ದೂರ ನಾಲ್ಕು ಮೀಟರ್ ಮಾತ್ರ ಹೆಚ್ಚಿತು. ಆದರೆ ಇನ್ನೂರು ಹೆಜ್ಜೆಯಲ್ಲಿ 2x ಒತ್ತಿದರೆ ಗೋಪುರದ ತುದಿ ಚೌಕಟ್ಟಿನ ಮೇಲಂಚಿಗೆ ಬಡಿಯುತ್ತದೆ, ಆಗ ಎಲ್ಲರೂ ಇನ್ನೂ ನಲವತ್ತು ಐವತ್ತು ಹೆಜ್ಜೆ ಹಿಂದೆ ಸರಿಯಬೇಕು. ಇದಕ್ಕೆ ವಿರುದ್ಧವಾಗಿ 0.5x ಒತ್ತಿ ಹತ್ತಿರದಲ್ಲೇ ಎಲ್ಲವನ್ನೂ ತುಂಬಿಸುವ ಆಸೆಗೆ ಬೀಳಬೇಡಿ. ಆ ಲೆನ್ಸಿನಲ್ಲಿ ಗೋಪುರ ಕುಗ್ಗುತ್ತದೆ, ಚೌಕಟ್ಟಿನ ಅಂಚಿಗೆ ನಿಂತವರ ಮುಖ ಮತ್ತು ತೋಳು ಹೊರಗಡೆಗೆ ಎಳೆದಂತೆ ಉದ್ದವಾಗುತ್ತವೆ.

ಹೊತ್ತಿನ ವಿಷಯ ಒಂದೇ ಮಾತಿನಲ್ಲಿ ಹೇಳುವುದಾದರೆ, ಗೋಪುರದ ಮುಖ ಪೂರ್ವಕ್ಕಿರುವುದರಿಂದ ಬೆಳಗಿನ ಬಿಸಿಲು ಅದರ ಮೇಲೆ ನೇರವಾಗಿ ಬೀಳುತ್ತದೆ. ಸಂಜೆ ಸೂರ್ಯ ಅದರ ಹಿಂದೆ ಹೋಗುತ್ತಾನೆ, ಆಗ ಗೋಪುರವೂ ಮುಖಗಳೂ ಕಪ್ಪಾಗುತ್ತವೆ.

ಈಗಾಗಲೇ ನಿಮ್ಮ ಬಳಿ ಇರುವ ಇಪ್ಪತ್ತು ಫೋಟೊಗಳನ್ನು ಅಳಿಸಬೇಡಿ. ಅಪ್ಪ ಅಮ್ಮ ಚೆನ್ನಾಗಿ ಬಂದು ಗೋಪುರದ ಬುಡ ಮಾತ್ರ ಇರುವವುಗಳನ್ನು ಸೊಂಟದವರೆಗೆ ಕ್ರಾಪ್ ಮಾಡಿ, ಆಗ ಕೆತ್ತನೆಯ ಕಲ್ಲಿನ ಮುಂದೆ ನಿಂತ ಇಬ್ಬರ ಚಿತ್ರವಾಗಿ ಅದು ನಿಲ್ಲುತ್ತದೆ, ಗೋಪುರದ ತುದಿ ಇಲ್ಲವೆಂಬ ಕೊರತೆ ಕಾಣುವುದಿಲ್ಲ. ಗೋಪುರ ಹಿಂದಕ್ಕೆ ಬಿದ್ದಂತಿರುವವುಗಳನ್ನು, ನಿಮ್ಮ ಫೋನಿನ ಎಡಿಟ್ ವಿಭಾಗದಲ್ಲಿ ಕ್ರಾಪಿನ ಪಕ್ಕದಲ್ಲಿ ಲಂಬ ಗೆರೆಗಳನ್ನು ಸರಿಪಡಿಸುವ ಸಾಧನವಿದ್ದರೆ ಅದರಿಂದ ಸ್ವಲ್ಪ ಮಟ್ಟಿಗೆ ನೆಟ್ಟಗೆ ಮಾಡಬಹುದು, ಆದರೆ ಮಾಡಿದಷ್ಟೂ ಬದಿಗಳು ಕತ್ತರಿಸಿಹೋಗುತ್ತವೆ, ಗೋಪುರ ಉದ್ದಕ್ಕೆ ಜಗ್ಗಿದಂತಾಗುತ್ತದೆ, ಆದ್ದರಿಂದ ಅರ್ಧದಷ್ಟು ಸರಿಪಡಿಸಿ ನಿಲ್ಲಿಸಿ. ಅಮ್ಮನ ಕಿವಿಗೆ ಬೇರೆಯವರ ತಲೆ ಅಂಟಿಕೊಂಡಿರುವವುಗಳನ್ನು ಮಾತ್ರ ಯಾವ ಕ್ರಾಪಿನಿಂದಲೂ ಸರಿಪಡಿಸಲಾಗದು, ಅದಕ್ಕೆ ಫೋನನ್ನು ಸೊಂಟಕ್ಕಿಳಿಸಿ ಇನ್ನೊಮ್ಮೆ ತೆಗೆಯಬೇಕು.